ಲೋಡ್‌ನಲ್ಲಿ 16 ಬಾಕ್ಸ್ ಕಮ್ಮಿ: ಟೈಲ್ಸ್ ಕಡಿಮೆ ಬಂದರೆ ಸಪ್ಲಯರ್‌ಗೆ ತಿಳಿಸಿ ಬಾಕಿ ತರಿಸಿಕೊಳ್ಳುವ ಬಗೆ

ಉಡುಪಿಯಲ್ಲಿ ನಮ್ಮದು ಟೈಲ್ಸ್ ಅಂಗಡಿ. ಮಾಲು ಹೆಚ್ಚಾಗಿ ಗುಜರಾತಿನ ಮೋರ್ಬಿಯಿಂದ ಪೂರ್ತಿ ಲಾರಿ ಲೋಡ್‌ನಲ್ಲಿ ಬರುತ್ತದೆ. ಪರ್ಚೇಸ್ ನೋಡಿಕೊಳ್ಳುವುದು ನಾನು. ಬಿಲ್‌ನಲ್ಲಿ ಬರೆದಷ್ಟು ಬಾಕ್ಸ್ ಬಾರದೇ ಇರುವುದು ನಮಗೆ ಹೊಸತಲ್ಲ. ಅಕ್ಕಿಯೋ ಸಕ್ಕರೆಯೋ ಆದರೆ ಎರಡು ಮೂಟೆ ಆಮೇಲೆ ಬಂದರೂ ನಡೆಯುತ್ತದೆ. ಟೈಲ್ಸ್ ಹಾಗಲ್ಲ. ಬಾಕಿ ಬರುವ ಬಾಕ್ಸ್ ಅದೇ ಡಿಸೈನ್, ಅದೇ ಶೇಡ್, ಅದೇ ಬ್ಯಾಚ್‌ನದ್ದೇ ಆಗಿರಬೇಕು. ಒಂದೇ ಹೆಸರಿನ ಐವರಿ ಟೈಲ್ಸ್ ಬೇರೆ ದಿನ ಕುಲುಮೆಯಿಂದ ಹೊರಬಂದರೆ ಬಣ್ಣದಲ್ಲಿ ಸ್ವಲ್ಪ ವ್ಯತ್ಯಾಸ ಬರುತ್ತದೆ. ಬಾಕ್ಸ್ ಒಳಗಿದ್ದಾಗ ಅದು ಕಾಣುವುದಿಲ್ಲ, ನೆಲಕ್ಕೆ ಹಾಕಿದ ಮೇಲೆ ಬಾಗಿಲಿಂದ ಬಿಸಿಲು ಬಿದ್ದಾಗ ಕಾಣುತ್ತದೆ. ಹಾಗಾಗಿ ನಮ್ಮ ಕಸುಬಿನಲ್ಲಿ "ಕಮ್ಮಿ ಬಂದಿದೆ, ಬಾಕಿ ಕಳಿಸಿ" ಎಂದಷ್ಟೇ ಹೇಳಿದರೆ ಸಾಲುವುದಿಲ್ಲ.

ಒಂದು ಲೋಡ್‌ನ ಕಥೆ ಹಿಡಿದು ಹೇಳುತ್ತೇನೆ. ಆರ್ಡರ್ ಒಟ್ಟು 700 ಬಾಕ್ಸ್. ಅದರಲ್ಲಿ 2 ಅಡಿ × 2 ಅಡಿಯ ಐವರಿ ಮ್ಯಾಟ್ 400, 2 ಅಡಿ × 4 ಅಡಿಯ ಗ್ಲಾಸಿ 300. ಐವರಿಯಲ್ಲಿ ಬಾಕ್ಸ್‌ಗೆ 4 ಟೈಲ್ಸ್, ಅಂದರೆ ಸುಮಾರು 15.5 ಚದರ ಅಡಿ. ಆ 400 ಬಾಕ್ಸ್ ಬ್ರಹ್ಮಾವರದ ಒಬ್ಬರ ಮೂರು ಮಹಡಿ ಕಟ್ಟಡಕ್ಕೆಂದೇ ತರಿಸಿದ್ದು. ಬಂದದ್ದು 384.

ಲಾರಿ ಗೋಡೌನ್‌ಗೆ ಬರುವ ಮೊದಲು

ಮೋರ್ಬಿಯಲ್ಲಿ ಲೋಡ್ ಆದ ಮೇಲೆ ಲಾರಿಯನ್ನು ವೇ ಬ್ರಿಡ್ಜ್‌ಗೆ ಹತ್ತಿಸಿ ಚೀಟಿ ಕೊಡುತ್ತಾರೆ. ಡ್ರೈವರ್ ಹತ್ತಿರ ಬಿಲ್, ಟ್ರಾನ್ಸ್‌ಪೋರ್ಟ್‌ನವರ ಲಾರಿ ರಸೀದಿಯಾದ ಎಲ್‌ಆರ್ ಜೊತೆ ಆ ಚೀಟಿಯೂ ಇರುತ್ತದೆ. ಹೆಚ್ಚಿನವರು ಅದನ್ನು ಕೇಳುವುದೇ ಇಲ್ಲ. ಕೇಳಿ ತೆಗೆದುಕೊಳ್ಳಿ. ನಿಮ್ಮ ಊರಿನಲ್ಲೂ ಇಳಿಸುವ ಮೊದಲು ಒಮ್ಮೆ, ಖಾಲಿ ಆದ ಮೇಲೆ ಇನ್ನೊಮ್ಮೆ ತೂಕ ಮಾಡಿಸಿ. ಡ್ರೈವರ್‌ಗೆ ಬೇಜಾರು ಬರುತ್ತದೆ, ಚಹಾ ಕೊಡಿಸಿ ಸಮಾಧಾನ ಮಾಡಿ. ಕಮ್ಮಿ ಆದದ್ದು ಎಲ್ಲಿ ಎಂಬುದಕ್ಕೆ ಆಮೇಲೆ ಇದರಷ್ಟು ಗಟ್ಟಿ ಉತ್ತರ ಬೇರೆ ಸಿಗುವುದಿಲ್ಲ.

ಹೋಲಿಸುವಾಗ ಒಂದು ಎಡವಟ್ಟು ಆಗುತ್ತದೆ. ಅಲ್ಲಿನ ಲೋಡ್ ತೂಕವನ್ನು ಇಲ್ಲಿನ ಲೋಡ್ ತೂಕದ ಜೊತೆ ನೇರ ಹೋಲಿಸಬಾರದು. ದಾರಿಯಲ್ಲಿ ಡೀಸೆಲ್ ಖರ್ಚಾಗಿರುತ್ತದೆ, ನಡುವೆ ತುಂಬಿಸಿರುತ್ತಾರೆ. 200 ಲೀಟರ್ ಡೀಸೆಲ್ ಎಂದರೆ ಹತ್ತಿರ ಹತ್ತಿರ 165 ಕೆಜಿ, ಸುಮಾರು ಆರು ಬಾಕ್ಸ್ ಟೈಲ್ಸ್‌ನ ತೂಕ. ಅಲ್ಲಿನ ಲೋಡ್ ತೂಕದಿಂದ ಅಲ್ಲಿನದ್ದೇ ಖಾಲಿ ತೂಕ ಕಳೆಯಿರಿ, ಇಲ್ಲಿಯದರಿಂದ ಇಲ್ಲಿನದ್ದೇ ಖಾಲಿ ತೂಕ ಕಳೆಯಿರಿ. ಉಳಿದ ಎರಡು ನಿವ್ವಳ ತೂಕಗಳನ್ನು ಮಾತ್ರ ಪಕ್ಕಪಕ್ಕ ಇಡಿ.

ನಮ್ಮ ಲೋಡ್‌ನಲ್ಲಿ ಐವರಿ ಬಾಕ್ಸ್ ಸರಾಸರಿ 28 ಕೆಜಿ, ಗ್ಲಾಸಿ 29 ಕೆಜಿ. ಹತ್ತು ಹತ್ತು ಬಾಕ್ಸ್ ನಮ್ಮ ತಕ್ಕಡಿಯಲ್ಲಿ ತೂಗಿ ತೆಗೆದ ಲೆಕ್ಕ ಇದು. ಪೂರ್ತಿ 700 ಬಾಕ್ಸ್ ಇದ್ದಿದ್ದರೆ ನಿವ್ವಳ 19,900 ಕೆಜಿ ಆಗಬೇಕಿತ್ತು. ಮೋರ್ಬಿ ಚೀಟಿಯ ನಿವ್ವಳ 19,460, ನಮ್ಮ ಕಡೆಯದ್ದು 19,450. ಎರಡೂ ಸರಿಸುಮಾರು ಒಂದೇ, ಎರಡೂ ಇರಬೇಕಾದ್ದಕ್ಕಿಂತ 440–450 ಕೆಜಿ ಕಡಿಮೆ. 16 ಬಾಕ್ಸ್‌ಗೆ 448 ಕೆಜಿ. ಅಂದರೆ ಮಾಲು ದಾರಿಯಲ್ಲಿ ಇಳಿದದ್ದಲ್ಲ, ಲಾರಿಗೆ ಹತ್ತಲೇ ಇಲ್ಲ. ಮೋರ್ಬಿ ಚೀಟಿಯಲ್ಲಿ 19,900 ಇದ್ದು ನಮ್ಮದರಲ್ಲಿ ಮಾತ್ರ ಕಡಿಮೆ ಇದ್ದಿದ್ದರೆ ನಾವು ಸಪ್ಲಯರ್ ಜೊತೆ ಟ್ರಾನ್ಸ್‌ಪೋರ್ಟ್‌ನವರನ್ನೂ ಹಿಡಿದುಕೊಳ್ಳಬೇಕಿತ್ತು.

ತೂಕದಿಂದ ಒಂದೆರಡು ಬಾಕ್ಸ್‌ನ ಕೊರತೆ ಗೊತ್ತಾಗುವುದಿಲ್ಲ ಎನ್ನುವುದೂ ನೆನಪಿರಲಿ. ಕಾಟಾ ಹತ್ತಿಪ್ಪತ್ತು ಕೆಜಿ ಆಚೀಚೆ ಹೋಗುತ್ತದೆ, ಬಾಕ್ಸ್ ತೂಕವೂ ಸರಾಸರಿಯೇ. ನಾಲ್ಕೈದು ಬಾಕ್ಸ್‌ಗಿಂತ ಹೆಚ್ಚು ಕಮ್ಮಿಯಾದರೆ ಮಾತ್ರ ಈ ಲೆಕ್ಕ ನಂಬಬಹುದು.

ಎಣಿಕೆ

ಹೊತ್ತು ತರುವಾಗ ಎಣಿಸಬೇಡಿ. ಮಾತು, ಫೋನು, ಮಳೆ ಎಲ್ಲ ಸೇರಿ ಲೆಕ್ಕ ತಪ್ಪುತ್ತದೆ. ಗೋಡೌನ್‌ನಲ್ಲಿ ಡಿಸೈನ್ ಪ್ರಕಾರ ಸಾಲಿಗೆ 20 ಬಾಕ್ಸ್‌ನಂತೆ ನಿಲ್ಲಿಸಲು ಹೇಳಿ, ಆಮೇಲೆ ಸಾಲುಗಳನ್ನು ಎಣಿಸಿ. ಇಬ್ಬರು ಬೇರೆ ಬೇರೆಯಾಗಿ ಎಣಿಸಿ, ಒಬ್ಬರ ಸಂಖ್ಯೆ ಇನ್ನೊಬ್ಬರಿಗೆ ಹೇಳದೆ ಕಾಗದದಲ್ಲಿ ಬರೆದಿಡಬೇಕು.

ನಮ್ಮಲ್ಲಿ ಅವತ್ತು ಮೊದಲು ಗಮನಿಸಿದ್ದು ಇಳಿಸುವವರೇ. "ಈ ಐವರಿ ಒಂದು ಸಾಲು ಕಮ್ಮಿ ಉಂಟು ಮಾರಾಯ್ರೆ, ಲಾರಿ ಖಾಲಿ ಆಯ್ತು" ಎಂದರು. ಎಣಿಸಿದಾಗ 380 ಸಿಕ್ಕಿತು. ಆಗಲೇ ಫೋನ್ ಎತ್ತಿ 20 ಕಮ್ಮಿ ಎಂದು ಹೇಳಿಬಿಡುವ ಮನಸ್ಸಾಗಿತ್ತು. ಆದರೆ ಎರಡು ವರ್ಷದ ಹಿಂದೆ ಹಾಗೆ ಹೇಳಿ, ಮರುದಿನ ಗ್ಲಾಸಿಯ ಸಾಲಿನ ಹಿಂದೆ ಬಾಕ್ಸ್ ಸಿಕ್ಕಿ, ಮುಖ ಸಣ್ಣದು ಮಾಡಿಕೊಂಡು ಕ್ಷಮೆ ಕೇಳಿದ್ದೆ. ಒಮ್ಮೆ ಹಾಗಾದರೆ ಮುಂದಿನ ಸಲ ನೀವು ನಿಜ ಹೇಳಿದರೂ ಅವರು "ಇನ್ನೊಮ್ಮೆ ಎಣಿಸಿ ನೋಡಿ" ಎನ್ನುತ್ತಾರೆ. ಹಾಗಾಗಿ ಈ ಸಲ ಗ್ಲಾಸಿಯ ಸಾಲುಗಳನ್ನೂ ನೋಡಿದೆವು. ಒಂದೇ ಕಂಪನಿಯ ಬಾಕ್ಸ್ ಆದ್ದರಿಂದ ರಟ್ಟು ಒಂದೇ ಬಣ್ಣ, ಲೇಬಲ್ ಓದದಿದ್ದರೆ ವ್ಯತ್ಯಾಸ ತಿಳಿಯುವುದಿಲ್ಲ. ನಾಲ್ಕು ಐವರಿ ಅಲ್ಲಿ ಸೇರಿಕೊಂಡಿತ್ತು. ಐವರಿ 384, ಗ್ಲಾಸಿ 300. ಒಟ್ಟು 684.

ಗ್ಲಾಸಿಯಲ್ಲಿ ಮೂರು ಬಾಕ್ಸ್ ಒಡೆದಿತ್ತು. ಅದನ್ನು ಕಮ್ಮಿ ಬಂದದ್ದರ ಲೆಕ್ಕಕ್ಕೆ ಸೇರಿಸಲೇಬೇಡಿ. "19 ಬಾಕ್ಸ್ ಶಾರ್ಟೇಜ್" ಎಂದು ಬರೆದರೆ ಸಪ್ಲಯರ್ ಒಡೆದದ್ದು ದಾರಿಯಲ್ಲಿ ಆದದ್ದು ಎಂದು ಹೇಳಿ ಇಡೀ ದೂರನ್ನೇ ಪಕ್ಕಕ್ಕೆ ಸರಿಸುತ್ತಾರೆ. ಒಡೆದದ್ದಕ್ಕೆ ಬೇರೆ ಮಾತು, ಬೇರೆ ಫೋಟೋ.

ಲಾರಿ ಹೋಗುವ ಮೊದಲು

ಎಲ್‌ಆರ್‌ನಲ್ಲಿ ನಾವು ಸಹಿ ಹಾಕಿ ಡ್ರೈವರ್ ಕೈಗೆ ವಾಪಸ್ ಕೊಡುವ ಪ್ರತಿ ಇದೆಯಲ್ಲ, ಮಾಲು ತಲುಪಿತು ಎನ್ನುವುದಕ್ಕೆ ಟ್ರಾನ್ಸ್‌ಪೋರ್ಟ್‌ನವರ ಸಾಕ್ಷಿ ಅದೇ. ಅದರಲ್ಲಿ ಬರೀ ಸಹಿ ಮತ್ತು ಸೀಲು ಇದ್ದರೆ 700 ಬಾಕ್ಸ್ ಸರಿಯಾಗಿ ಬಂತು ಎಂದು ನೀವೇ ಬರೆದುಕೊಟ್ಟಂತೆ. ಸಹಿಯ ಮೇಲೆಯೇ "ಬಿಲ್ ಪ್ರಕಾರ 700, ಬಂದದ್ದು 684, ಐವರಿ ಮ್ಯಾಟ್ 16 ಬಾಕ್ಸ್ ಕಡಿಮೆ, ಗ್ಲಾಸಿ 3 ಬಾಕ್ಸ್ ಒಡೆದಿದೆ" ಎಂದು ಬರೆದು ತಾರೀಕು, ಸಮಯ ಹಾಕಿ. ನಿಮ್ಮ ಪ್ರತಿಯಲ್ಲೂ ಅದನ್ನೇ ಬರೆದು ಡ್ರೈವರ್ ಸಹಿ ತೆಗೆದುಕೊಳ್ಳಿ. ಡ್ರೈವರ್‌ಗೆ ಕನ್ನಡ ಬಾರದಿದ್ದರೆ ಹಿಂದಿಯಲ್ಲಿ ಬರೆಯಿರಿ, ಓದಿ ಹೇಳಿ.

ಕೆಲವರು ಸಹಿ ಹಾಕುವುದಿಲ್ಲ. ಬಾಡಿಗೆ ಹಿಡಿಯುತ್ತಾರೆ ಎನ್ನುವ ಹೆದರಿಕೆ. ಜಗಳ ಬೇಡ. "ಡ್ರೈವರ್ ಸಹಿ ಹಾಕಲು ಒಪ್ಪಲಿಲ್ಲ" ಎಂದು ಬರೆದು, ಖಾಲಿ ಲಾರಿಯ ಒಳಭಾಗ ಮತ್ತು ನಂಬರ್ ಪ್ಲೇಟ್ ಒಟ್ಟಿಗೆ ಕಾಣುವಂತೆ ಫೋಟೋ ತೆಗೆದು, ಲಾರಿ ಅಲ್ಲೇ ಇರುವಾಗಲೇ ಟ್ರಾನ್ಸ್‌ಪೋರ್ಟ್ ಆಫೀಸಿಗೆ ಫೋನ್ ಮಾಡಿ ಅದೇ ಮಾತನ್ನು ಮೆಸೇಜಿನಲ್ಲೂ ಹಾಕಿ. ನಮ್ಮ ಡ್ರೈವರ್‌ಗೆ ಎರಡೂ ತೂಕದ ಚೀಟಿ ತೋರಿಸಿ "ತಪ್ಪು ನಿನ್ನದಲ್ಲಪ್ಪ, ಅಲ್ಲೇ ಹತ್ತಿಲ್ಲ" ಎಂದ ಮೇಲೆ ಮಾತಿಲ್ಲದೆ ಸಹಿ ಹಾಕಿದ. ಉಳಿದ ಬಾಡಿಗೆಯನ್ನೂ ಪೂರ್ತಿ ಕೊಟ್ಟೆವು. ಯಾರ ತಪ್ಪು ಎಂದು ತಿಳಿಯುವ ಮೊದಲೇ ಡ್ರೈವರ್ ಬಾಡಿಗೆಯಲ್ಲಿ ಕಡಿತ ಮಾಡುವ ಅಭ್ಯಾಸ ನಮ್ಮ ಕಡೆ ಕೆಲವರಿಗೆ ಇದೆ. ಅದು ನನಗೆ ಸರಿ ಕಾಣುವುದಿಲ್ಲ.

ಮಾಲು ದಾರಿಯಲ್ಲಿ ಹೋದದ್ದೇ ಆದರೆ ಟ್ರಾನ್ಸ್‌ಪೋರ್ಟ್ ಕಂಪನಿಗೆ ಲಿಖಿತ ನೋಟಿಸ್ ಬೇಕು. 2007ರ ರಸ್ತೆ ಸಾಗಣೆ ಕಾಯ್ದೆ ಪ್ರಕಾರ ಮಾಲು ಬುಕ್ ಆದ ದಿನದಿಂದ 180 ದಿನದೊಳಗೆ ನೋಟಿಸ್ ಕೊಡದಿದ್ದರೆ ಅವರ ಮೇಲೆ ದಾವೆ ಹಾಕುವಂತಿಲ್ಲ. ಲೆಕ್ಕ ಶುರುವಾಗುವುದು ಮಾಲು ತಲುಪಿದ ದಿನದಿಂದಲ್ಲ, ಬುಕ್ ಆದ ದಿನದಿಂದ.

ಕೊನೆಗೆ ಲೇಬಲ್ ಫೋಟೋ. ಬಾಕ್ಸ್ ಬದಿಯಲ್ಲಿ ಅಳತೆ, ಗ್ರೇಡ್ ಜೊತೆ ಶೇಡ್ ನಂಬರ್, ಬ್ಯಾಚ್ ನಂಬರ್ ಅಚ್ಚು ಹಾಕಿರುತ್ತಾರೆ. ಮಳೆಗಾಲದಲ್ಲಿ ನಮ್ಮ ಕಡೆ ರಟ್ಟು ಒದ್ದೆಯಾಗಿ ಎರಡು ದಿನದಲ್ಲಿ ಅದು ಅಳಿಸಿಹೋಗುತ್ತದೆ. ಬಂದ ದಿನವೇ ತೆಗೆಯಿರಿ. ನಮ್ಮದು ಶೇಡ್ 3, ಬ್ಯಾಚ್ 118.

ಸಪ್ಲಯರ್‌ಗೆ ಬರೆಯುವುದು

ಮೊದಲು ಫೋನ್, ಕೂಡಲೇ ಬರಹ. ಫೋನ್‌ನಲ್ಲಿ ಸೇಲ್ಸ್ ಹುಡುಗ "ಆಯ್ತು ಸರ್, ಕಳಿಸೋಣ" ಎಂದು ಹೇಳುತ್ತಾನೆ. ಲೋಡ್ ಮಾಡುವವನು ಅವನಲ್ಲ. ಹಾಗಾಗಿ ಡಿಸ್‌ಪ್ಯಾಚ್ ಮತ್ತು ಅಕೌಂಟ್ಸ್ ಇಬ್ಬರಿಗೂ ಹೋಗುವಂತೆ ಅದೇ ದಿನ ಇಮೇಲ್ ಹಾಕಿ, ವಾಟ್ಸಾಪ್‌ನಲ್ಲೂ ಕಳಿಸಿ. ನಾವು ಹಿಂದಿಯಲ್ಲಿ ಕಳಿಸಿದ್ದನ್ನು ಇಲ್ಲಿ ಕನ್ನಡದಲ್ಲಿ ಕೊಡುತ್ತೇನೆ. ಬೆಂಗಳೂರು, ಹುಬ್ಬಳ್ಳಿಯ ಡಿಪೋದಿಂದ ತರಿಸುವವರು ಹೀಗೆಯೇ ಕಳಿಸಬಹುದು.

> ವಿಷಯ: ನಿಮ್ಮ ಬಿಲ್ ನಂ. ____, ಐವರಿ ಮ್ಯಾಟ್ 16 ಬಾಕ್ಸ್ ಕಡಿಮೆ ಬಂದಿರುವುದು
>
> ಮಾನ್ಯರೇ,
>
> ಮೇಲಿನ ಬಿಲ್‌ನ ಮಾಲು ಲಾರಿ ನಂ. ____, ಎಲ್‌ಆರ್ ನಂ. ____ ಮೂಲಕ ಇಂದು ಬೆಳಿಗ್ಗೆ 10.30ಕ್ಕೆ ನಮ್ಮ ಗೋಡೌನ್ ತಲುಪಿದೆ.
>
> 2×2 ಐವರಿ ಮ್ಯಾಟ್, ಶೇಡ್ 3, ಬ್ಯಾಚ್ 118: ಬಿಲ್‌ನಲ್ಲಿ 400, ಬಂದದ್ದು 384, ಕಡಿಮೆ 16.
> 2×4 ಗ್ಲಾಸಿ: ಬಿಲ್‌ನಲ್ಲಿ 300, ಬಂದದ್ದು 300.
>
> ನಿಮ್ಮ ಕಡೆಯ ನಿವ್ವಳ ತೂಕ 19,460 ಕೆಜಿ, ನಮ್ಮ ಕಡೆಯದ್ದು 19,450 ಕೆಜಿ. ಆದ್ದರಿಂದ ಲೋಡಿಂಗ್‌ನಲ್ಲೇ ಕಡಿಮೆಯಾಗಿದೆ ಎಂದು ತಿಳಿಯುತ್ತದೆ. ನಿಮ್ಮ ಲೋಡಿಂಗ್ ಪಟ್ಟಿ ಮತ್ತು ಸ್ಟಾಕ್ ನೋಡಿ ಖಚಿತಪಡಿಸಿ.
>
> 16 ಬಾಕ್ಸ್ ಅದೇ ಶೇಡ್, ಅದೇ ಬ್ಯಾಚ್‌ನಲ್ಲಿ ಬೇಕು. ದಯವಿಟ್ಟು ಇಂದೇ ಅವನ್ನು ಬದಿಗೆ ತೆಗೆದಿರಿಸಿ, ಲೇಬಲ್‌ನ ಫೋಟೋ ಕಳಿಸಿ. 20 ದಿನದೊಳಗೆ ನಮ್ಮನ್ನು ತಲುಪಬೇಕು. ಈ ಮಾಲಿನ ಸಾಗಣೆ ವೆಚ್ಚ ನಿಮ್ಮದು. ಹೊಸ ಬಿಲ್ ಮಾಡದೆ, ಇದೇ ಬಿಲ್ ನಂಬರ್ ಕಾಣಿಸಿದ ಡೆಲಿವರಿ ಚಲನ್‌ನಲ್ಲಿ ಕಳಿಸಿ.
>
> ಅದೇ ಬ್ಯಾಚ್ ಇಲ್ಲದಿದ್ದರೆ ಬೇರೆ ಬ್ಯಾಚ್ ಕಳಿಸಬೇಡಿ. ನಾಳೆ ಸಂಜೆಯೊಳಗೆ ತಿಳಿಸಿ, 16 ಬಾಕ್ಸ್‌ಗೆ ಕ್ರೆಡಿಟ್ ನೋಟ್ ಕೊಡಿ. ಅಲ್ಲಿಯವರೆಗೆ ತೆರಿಗೆ ಸೇರಿ ₹7,929.60 ತಡೆಹಿಡಿದು ಉಳಿದ ಹಣವನ್ನು ಅವಧಿಯ ಪ್ರಕಾರ ಕೊಡುತ್ತೇವೆ.
>
> ಜೊತೆಗಿರುವುದು: ಷರಾ ಬರೆದ ಎಲ್‌ಆರ್, ಎರಡೂ ತೂಕದ ಚೀಟಿ, ಸಾಲುಗಳ ಮತ್ತು ಲೇಬಲ್‌ನ ಫೋಟೋ. ಒಡೆದ 3 ಬಾಕ್ಸ್ ಬಗ್ಗೆ ಬೇರೆ ಬರೆಯುತ್ತಿದ್ದೇವೆ.

ಇದರಲ್ಲಿ ನನ್ನ ಅನುಭವದಲ್ಲಿ ಕೆಲಸಕ್ಕೆ ಬರುವ ಸಾಲು "ಇಂದೇ ಬದಿಗೆ ತೆಗೆದಿರಿಸಿ, ಲೇಬಲ್‌ನ ಫೋಟೋ ಕಳಿಸಿ" ಎನ್ನುವುದು. ಬ್ಯಾಚ್‌ನ ಉಳಿಕೆ ಸ್ಟಾಕ್ ಬೇರೆಯವರ ಲೋಡ್‌ಗೆ ಹೋಗಿಬಿಟ್ಟರೆ ಆಮೇಲೆ ಯಾರೂ ಏನೂ ಮಾಡಲಾಗದು. ಲೇಬಲ್ ಫೋಟೋ ಬಂದರೆ ಮಾಲು ನಿಜವಾಗಿ ಇದೆ, ಯಾರೋ ಗೋಡೌನ್‌ಗೆ ಹೋಗಿ ನೋಡಿದ್ದಾರೆ ಎಂದರ್ಥ. ಫೋಟೋ ಬಾರದೆ "ಇದೆ ಇದೆ" ಎಂಬ ಉತ್ತರ ಮಾತ್ರ ಬಂದರೆ ಇಲ್ಲ ಎಂದೇ ತಿಳಿಯಿರಿ.

ತಡೆಹಿಡಿದ ಮೊತ್ತದ ಲೆಕ್ಕ: ಬಾಕ್ಸ್‌ಗೆ ₹420ರಂತೆ 16ಕ್ಕೆ ₹6,720, ಅದರ ಮೇಲೆ 18% ಜಿಎಸ್‌ಟಿ ₹1,209.60. ಇಡೀ ಬಿಲ್‌ನ ಹಣ ನಿಲ್ಲಿಸಬೇಡಿ. 1930ರ ಸರಕು ಮಾರಾಟ ಕಾಯ್ದೆಯ 37ನೇ ಸೆಕ್ಷನ್ ಪ್ರಕಾರ ಕಡಿಮೆ ಬಂದ ಮಾಲನ್ನು ನೀವು ಬೇಡ ಎನ್ನಬಹುದು, ಆದರೆ ಇಟ್ಟುಕೊಂಡರೆ ಇಟ್ಟುಕೊಂಡಷ್ಟಕ್ಕೆ ಒಪ್ಪಿದ ದರದಲ್ಲಿ ಹಣ ಕೊಡಬೇಕು. 684 ಬಾಕ್ಸ್ ಗೋಡೌನ್‌ನಲ್ಲಿಟ್ಟು ಒಂದು ರೂಪಾಯಿಯೂ ಕೊಡುವುದಿಲ್ಲ ಎಂದರೆ ತಪ್ಪು ನಮ್ಮ ಕಡೆಗೆ ಬರುತ್ತದೆ.

ಬಿಲ್ ಮತ್ತು ತೆರಿಗೆ

ಇಲ್ಲಿ ಹೆಚ್ಚಾಗಿ ಆಗುವ ತಪ್ಪು ಒಂದೇ. ಬಾಕಿ ಮಾಲು ಕಳಿಸುವಾಗ ಅಲ್ಲಿನ ಬಿಲ್ಲಿಂಗ್‌ನವರು ಅಭ್ಯಾಸಬಲದಿಂದ 16 ಬಾಕ್ಸ್‌ಗೆ ಹೊಸ ಬಿಲ್ ಹೊಡೆಯುತ್ತಾರೆ. ಮೊದಲ ಬಿಲ್ 700ಕ್ಕೇ ಇದೆ. ಈಗ ನಿಮ್ಮ ಖಾತೆಯಲ್ಲಿ 716 ಬಾಕ್ಸ್‌ನ ಸಾಲ ಕೂರುತ್ತದೆ, ಆರು ತಿಂಗಳ ನಂತರ ಲೆಡ್ಜರ್ ತಾಳೆ ಹಾಕುವಾಗ ಯಾರಿಗೂ ನೆನಪಿರುವುದಿಲ್ಲ. ದಾರಿ ಎರಡೇ: ಹಳೆಯ ಬಿಲ್ ಹಾಗೇ ಇರಲಿ, ಮಾಲು ಚಲನ್‌ನಲ್ಲಿ ಬರಲಿ. ಇಲ್ಲವೇ 16 ಬಾಕ್ಸ್‌ಗೆ ಮೊದಲು ಕ್ರೆಡಿಟ್ ನೋಟ್ ಬಂದು, ಆಮೇಲೆ ಹೊಸ ಬಿಲ್ ಬರಲಿ. ನೀವು ನಿಮ್ಮ ಟ್ಯಾಲಿಯಲ್ಲಿ ಡೆಬಿಟ್ ನೋಟ್ ಹಾಕಿದರೆ ಅದು ನಿಮ್ಮ ಲೆಕ್ಕಕ್ಕೆ ಮಾತ್ರ. ಜಿಎಸ್‌ಟಿಯಲ್ಲಿ ಬಿಲ್‌ನ ಮೌಲ್ಯ ಇಳಿಯಬೇಕಾದರೆ ಸಪ್ಲಯರ್ ಕ್ರೆಡಿಟ್ ನೋಟ್ ಕೊಡಲೇಬೇಕು.

ಇನ್ಪುಟ್ ಕ್ರೆಡಿಟ್ ವಿಷಯವನ್ನು ನಿಮ್ಮ ಅಕೌಂಟೆಂಟ್‌ಗೆ ಆ ದಿನವೇ ಹೇಳಿ. ಒಂದೇ ಬಿಲ್‌ನ ಮಾಲು ಕಂತುಗಳಲ್ಲಿ ಬಂದರೆ ಕ್ರೆಡಿಟ್ ಸಿಗುವುದು ಕೊನೆಯ ಕಂತು ಕೈಸೇರಿದ ಮೇಲೆ. ಜಿಎಸ್‌ಟಿ ಪೋರ್ಟಲ್‌ನ ಇನ್‌ವಾಯ್ಸ್ ಮ್ಯಾನೇಜ್‌ಮೆಂಟ್ ವಿಭಾಗದಲ್ಲಿ ಅಂಥ ಬಿಲ್ ಅನ್ನು `Pending` ಎಂದು ಇಡಬಹುದು. ಏನೂ ಮಾಡದೆ ಬಿಟ್ಟರೆ ಒಪ್ಪಿದಂತೆಯೇ ಲೆಕ್ಕ.

ಬಾಕಿ ಮಾಲಿನ ಬೆಲೆ ₹50,000ಕ್ಕಿಂತ ಕಡಿಮೆ ಇರುವುದರಿಂದ ಸಾಮಾನ್ಯವಾಗಿ ಇ-ವೇ ಬಿಲ್ ಬೇಕಾಗುವುದಿಲ್ಲ, ಆದರೆ ಚಲನ್ ಇಲ್ಲದೆ ಬೇರೊಬ್ಬರ ಲೋಡ್ ಮೇಲೆ ಎಸೆದು ಕಳಿಸಲು ಒಪ್ಪಬೇಡಿ. ಚೆಕಿಂಗ್‌ನಲ್ಲಿ ಸಿಕ್ಕರೆ ಕಾಗದವಿಲ್ಲದ ಮಾಲು ಅದು.

ಕಾಯುವ ದಿನಗಳು

ಮೋರ್ಬಿಯಿಂದ 16 ಬಾಕ್ಸ್‌ಗಾಗಿ ಲಾರಿ ಬರುವುದಿಲ್ಲ. ನಮ್ಮದೋ ಮಂಗಳೂರು ಕಡೆಯ ಬೇರೆ ಅಂಗಡಿಯದ್ದೋ ಮುಂದಿನ ಲೋಡ್ ಮೇಲೆ ಬರಬೇಕು. ಹಾಗಾಗಿ "ನಾಳೆಯೇ ಕಳಿಸಿ" ಎಂದು ಹಟ ಹಿಡಿದು ಪ್ರಯೋಜನವಿಲ್ಲ, "ಮುಂದಿನ ಲೋಡ್‌ನಲ್ಲಿ" ಎಂಬ ತಾರೀಕಿಲ್ಲದ ಮಾತನ್ನೂ ಒಪ್ಪಬಾರದು. ಯಾವ ಲೋಡ್, ಯಾವ ದಿನ ಎಂದು ಕೇಳಿ ಬರೆಸಿಕೊಳ್ಳಿ.

ಅಷ್ಟರಲ್ಲಿ ಗಿರಾಕಿಗೆ ತಿಳಿಸಬೇಕು. 16 ಬಾಕ್ಸ್ ಎಂದರೆ 248 ಚದರ ಅಡಿ, 11 ಅಡಿ × 11 ಅಡಿಯ ಎರಡು ಕೋಣೆ. ಬ್ರಹ್ಮಾವರದವರಿಗೆ ಫೋನ್ ಮಾಡಿ ಅವರ ಟೈಲ್ಸ್ ಮೇಸ್ತ್ರಿಯ ಹತ್ತಿರವೂ ಮಾತಾಡಿದೆ. ಮೇಲಿನ ಮಹಡಿಯ ಹಿಂದಿನ ಎರಡು ಕೋಣೆ ಕೊನೆಗೆ ಇರಲಿ, ಹಾಲ್ ಮತ್ತು ಅದಕ್ಕೆ ಹೊಂದಿಕೊಂಡ ಜಾಗವನ್ನು ಈಗ ಇರುವ ಮಾಲಿನಲ್ಲೇ ಮುಗಿಸಲಿ ಎಂದು ಹೇಳಿದೆ. ಒಂದೊಂದು ಕೋಣೆಯಲ್ಲೂ ಸ್ವಲ್ಪ ಸ್ವಲ್ಪ ಬಿಟ್ಟು ಮುಂದೆ ಹೋದರೆ ಆಮೇಲೆ ಶೇಡ್ ವ್ಯತ್ಯಾಸ ಮನೆಯೆಲ್ಲ ಕಾಣುತ್ತದೆ. ಬಾಗಿಲ ಚೌಕಟ್ಟು ನಡುವೆ ಇದ್ದರೆ ಸಣ್ಣ ವ್ಯತ್ಯಾಸ ಅಷ್ಟು ಗೊತ್ತಾಗುವುದಿಲ್ಲ. ಹೋಲಿಸಲು ಬೇಕಾಗುತ್ತದೆ ಎಂದು ಒಂದು ಬಾಕ್ಸ್ ನಾನೇ ಅಂಗಡಿಯಲ್ಲಿ ಇಟ್ಟುಕೊಂಡೆ.

ಸಪ್ಲಯರ್‌ನಿಂದ ಎರಡನೇ ದಿನ ಉತ್ತರ ಬಂತು. ಲೋಡಿಂಗ್ ಪಟ್ಟಿಯಲ್ಲಿ ಒಂದು ಸಾಲನ್ನು ಎರಡು ಸಲ ಎಣಿಸಿದ್ದಾರಂತೆ. ಲೇಬಲ್ ಫೋಟೋ ಮೂರನೇ ದಿನ, ಅದೂ ನಾನು ಎರಡು ಸಲ ಕೇಳಿದ ಮೇಲೆ.

ಬಾಕಿ ಬಂದಾಗ

ಮಾಲು ಬಂತು ಎಂದು ಕಡತ ಮುಚ್ಚಬೇಡಿ. ಪ್ರತಿ ಬಾಕ್ಸ್‌ನ ಲೇಬಲ್ ಓದಿ. ಅನುಮಾನ ಬಂದರೆ ಹಳೆಯ ಬಾಕ್ಸ್‌ನ ಎರಡು, ಹೊಸದರ ಎರಡು ಟೈಲ್ಸ್ ತೆಗೆದು ಅಂಗಡಿ ಮುಂದೆ ಹಗಲು ಬೆಳಕಿನಲ್ಲಿ ನೆಲಕ್ಕಿಟ್ಟು, ನಿಂತು ನೋಡಿ. ಟ್ಯೂಬ್ ಲೈಟ್ ಕೆಳಗೆ ಎಲ್ಲವೂ ಒಂದೇ ತರ ಕಾಣುತ್ತದೆ.

ನಮಗೆ 19ನೇ ದಿನ ಮಂಗಳೂರಿನ ಒಂದು ಅಂಗಡಿಯ ಲೋಡ್ ಜೊತೆ 16 ಬಾಕ್ಸ್ ಬಂತು, ಬೈಕಂಪಾಡಿಯಿಂದ ನಮ್ಮ ಪಿಕಪ್‌ನಲ್ಲಿ ತಂದೆವು. ಚಲನ್ ಸರಿ ಇತ್ತು, ಎಣಿಕೆಯೂ ಸರಿ ಇತ್ತು. ಲೇಬಲ್ ಓದುತ್ತ ಹೋದಾಗ 14 ಬಾಕ್ಸ್ ಶೇಡ್ 3, ಎರಡು ಶೇಡ್ 4. ಚಲನ್‌ನ ಎರಡೂ ಪ್ರತಿಯಲ್ಲಿ "14 ಸ್ವೀಕರಿಸಿದೆ, 2 ಬಾಕ್ಸ್ ಬೇರೆ ಶೇಡ್, ಸ್ವೀಕರಿಸಿಲ್ಲ" ಎಂದು ಬರೆದು ಫೋಟೋ ಕಳಿಸಿದೆ. ಇನ್ನೆರಡು ಬಾಕ್ಸ್‌ಗೆ ಮತ್ತೆ 20 ದಿನ ಕಾಯುವುದು ಬೇಡವೆಂದು ಮೇಸ್ತ್ರಿಯನ್ನು ಕೇಳಿದೆ. ಕಟಿಂಗ್ ವೇಸ್ಟ್‌ಗೆ ಇಟ್ಟಿದ್ದರಲ್ಲಿ ಹೊಂದಿಸುತ್ತೇನೆ, ಅಂಗಡಿಯಲ್ಲಿಟ್ಟ ಬಾಕ್ಸ್ ಒಂದು ಕೊಡಿ ಎಂದರು. ಎರಡು ಬಾಕ್ಸ್‌ನ ₹991.20ಕ್ಕೆ ಕ್ರೆಡಿಟ್ ನೋಟ್ ಕೇಳಿದೆ, ಆ ತಿಂಗಳ ಕೊನೆಯೊಳಗೆ ಬಂತು. ಶೇಡ್ 4ರ ಎರಡು ಬಾಕ್ಸ್ ಇನ್ನೂ ಗೋಡೌನ್ ಮೂಲೆಯಲ್ಲಿದೆ, ಮೇಲೆ ದಪ್ಪ ಮಾರ್ಕರ್‌ನಲ್ಲಿ "ನಮ್ಮದಲ್ಲ, ವಾಪಸ್" ಎಂದು ಬರೆದಿಟ್ಟಿದ್ದೇವೆ.